ಖಾಲಿ ಕೋಣೆಯಲ್ಲಿ ಪಿಐಆರ್ ಸೆನ್ಸರ್ ಟ್ರಿಗರ್ ಆಗ್ತಿದೆ: ಬಿಸಿಲೋ, ಹೀಟರೋ?

ಬೆಸುಗೆಹುಡುಗ: HC-SR501 ಅನ್ನು ESP8266ಗೆ ಜೋಡಿಸಿ, ಕೋಣೆಯಲ್ಲಿ ಯಾರಾದರೂ ಓಡಾಡಿದರೆ ಫೋನಿಗೆ ಮೆಸೇಜ್ ಬರೋ ಹಾಗೆ ಮಾಡಿದ್ದೀನಿ. ರಾತ್ರಿಯೆಲ್ಲ ತೆಪ್ಪಗಿರುತ್ತೆ. ಮಧ್ಯಾಹ್ನ ಮೂರೂವರೆ ಆಗ್ತಿದ್ದ ಹಾಗೆ, ಅದರಲ್ಲೂ ಮೋಡ ಬಂದು ಹೋಗೋ ದಿನ, ಮೇಲಿಂದ ಮೇಲೆ ಮೆಸೇಜ್. ಸಂಜೆ ಫ್ಯಾನ್ ಹೀಟರ್ ಥರ್ಮೋಸ್ಟಾಟ್‌ನಿಂದ ತಾನಾಗೇ ಆನ್ ಆದಾಗಲೂ ಅದೇ ಕಥೆ. ಸೆನ್ಸರ್ ಎರಡು ಮೀಟರ್ ಎತ್ತರದಲ್ಲಿದೆ. ಎದುರಿಗೇ ಕಿಟಕಿ, ಕಿಟಕಿ ಕೆಳಗೆ ಹೀಟರ್. ಸೆನ್ಸಿಟಿವಿಟಿ ಪೂರ್ತಿ ಇಳಿಸಿದೆ. ಈಗ ನಾನೇ ಓಡಾಡಿದರೂ ಕೆಲವು ಸಲ ಗೊತ್ತಾಗಲ್ಲ!

ರಾತ್ರಿದೀಪ: ನಮ್ಮಲ್ಲೂ ಹಗಲು ಹೊತ್ತಲ್ಲಿ ಲೈಟ್ ಹತ್ತಿಕೊಳ್ತಿತ್ತು. ಬೋರ್ಡಲ್ಲಿ ಎಲ್‌ಡಿಆರ್‌ಗೆ ಅಂತ ಖಾಲಿ ಬಿಟ್ಟ ಜಾಗ ಇದೆ. ಒಂದು ಬೆಸುಗೆ ಹಾಕಿಬಿಡಿ, ಬೆಳಕಿದ್ದಾಗ ಟ್ರಿಗರ್ ಆಗೋದೇ ಇಲ್ಲ.

ಬೆಸುಗೆಹುಡುಗ: ನನ್ನದು ಲೈಟಿಗಲ್ಲ ಸರ್, ಹಗಲಲ್ಲೂ ಕೆಲಸ ಮಾಡಬೇಕು.

ಮಸೂರ: ಬಿಸಿಲಲ್ಲಿ ಇನ್‌ಫ್ರಾರೆಡ್ ಇದ್ದೇ ಇದೆ, ಅದನ್ನೇ ಸೆನ್ಸರ್ ಹಿಡೀತಿದೆ. ಲೆನ್ಸ್ ಮುಂದೆ ತೆಳ್ಳನೆ ಗಾಜು ಇಟ್ಟು ನೋಡಿ.

ಹಳೇತಂತಿ: ಗಾಜು ಇಟ್ಟರೆ ಟ್ರಿಗರ್ ಖಂಡಿತ ನಿಲ್ಲುತ್ತೆ, ಮನುಷ್ಯರಿಗೂ ನಿಲ್ಲುತ್ತೆ. ಮೈಬಿಸಿ ಸೂಸೋದು ಹೆಚ್ಚಾಗಿ 10 ಮೈಕ್ರಾನ್ ಆಸುಪಾಸಿನಲ್ಲಿ, ಅದು ಕಿಟಕಿ ಗಾಜನ್ನು ದಾಟೋದಿಲ್ಲ. ಬಿಸಿಲಿನ ಶಾಖ ಬಹುಪಾಲು ಅದಕ್ಕಿಂತ ತುಂಬಾ ಕಡಿಮೆ ತರಂಗಾಂತರದ್ದು. ಅದನ್ನು ಸೆನ್ಸರಿನ ಕಿಟಕಿಯಲ್ಲಿರೋ ಫಿಲ್ಟರೇ ಹೆಚ್ಚುಕಡಿಮೆ ತಡೆಯುತ್ತೆ.

ತೊಂದರೆ ಕೊಡ್ತಿರೋದು ಬಿಸಿಲು ಬಿದ್ದು ಕಾದ ವಸ್ತು. ಸೆನ್ಸರ್ ಒಳಗೆ ಶಾಖ ಹಿಡಿಯೋ ಎರಡು ತುಣುಕುಗಳಿವೆ, ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರ್ತಾರೆ. ಇಡೀ ಕೋಣೆ ನಿಧಾನವಾಗಿ ಬಿಸಿಯಾದರೆ ಎರಡೂ ಸರಿಸಮ, ಸಿಗ್ನಲ್ ಏಳಲ್ಲ. ಆದರೆ ಪರದೆಯ ಒಂದು ಪಟ್ಟಿಯ ಮೇಲೆ ಮಾತ್ರ ಬಿಸಿಲು ಬಿದ್ದು, ಮೋಡ ಅಡ್ಡ ಬಂದು ಕೆಲವೇ ಸೆಕೆಂಡಲ್ಲಿ ತಣ್ಣಗಾದರೆ ಒಂದು ತುಣುಕಿಗೆ ಮಾತ್ರ ವ್ಯತ್ಯಾಸ ಕಾಣುತ್ತೆ. ಸೆನ್ಸರಿಗೆ ಅದು ನಡೆದು ಹೋದ ಮನುಷ್ಯನೇ. ಪರದೆ ತೆಳುವಾಗಿದ್ದಷ್ಟೂ ಬೇಗ ಕಾಯುತ್ತೆ, ಬೇಗ ಆರುತ್ತೆ.

ನಾಬ್ ಮುಟ್ಟೋ ಮೊದಲು ಒಂದು ಕೆಲಸ ಮಾಡಿ. ರಟ್ಟಿನ ಮುಚ್ಚಳದಿಂದ ಲೆನ್ಸನ್ನು ಪೂರ್ತಿ ಮುಚ್ಚಿ ಒಂದಿಡೀ ದಿನ ಬಿಡಿ. ಮುಚ್ಚಿದ್ದಾಗಲೂ ಟ್ರಿಗರ್ ಆದರೆ ಅದು ಶಾಖದ್ದಲ್ಲ, ಕರೆಂಟಿನದ್ದು.

ಬೆಸುಗೆಹುಡುಗ: ಮುಚ್ಚಿಟ್ಟೆ. ಮಧ್ಯಾಹ್ನದ್ದು ಪೂರ್ತಿ ನಿಂತುಹೋಯ್ತು. ಸಂಜೆ ಹೀಟರ್ ಟಕ್ ಅಂತ ಆನ್ ಆದ ಕ್ಷಣಕ್ಕೆ ಸರಿಯಾಗಿ ಒಂದು ಟ್ರಿಗರ್ ಮಾತ್ರ ಉಳಿದಿದೆ. ಮುಚ್ಚಳ ಇಲ್ಲದಾಗ ಅದರ ಬೆನ್ನಿಗೇ ಇನ್ನೂ ಎರಡು ಮೂರು ಬರ್ತಿತ್ತು. ಹೀಟರಿಗೂ ಸೆನ್ಸರಿನ ಅಡಾಪ್ಟರಿಗೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್.

ಹಳೇತಂತಿ: ಹಾಗಾದರೆ ಹೀಟರಿನಿಂದ ಎರಡು ಬೇರೆ ಬೇರೆ ಕಾಟ. ಮೊದಲನೇದು ಸ್ವಿಚ್ ಆಗುವಾಗ ಸಪ್ಲೈ ಅಲುಗೋದು. ಅಡಾಪ್ಟರನ್ನು ಬೇರೆ ಸಾಕೆಟ್‌ಗೆ ಹಾಕಿ, ಸೆನ್ಸರಿನ ವಿಸಿಸಿ–ಗ್ರೌಂಡ್ ಪಿನ್ನುಗಳ ಬುಡದಲ್ಲೇ 220 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಆಮೇಲೆ ಬರೋವು ಬಿಸಿಗಾಳಿಯವು. ಅದಕ್ಕೆ ಸೆನ್ಸರನ್ನು ಕಿಟಕಿ ಇರೋ ಗೋಡೆಗೇ ಕಿಟಕಿಯಿಂದ ದೂರ ಸಾಗಿಸಿ, ಬಾಗಿಲಿಂದ ಬರೋರು ಅದರ ಮುಂದೆ ಅಡ್ಡ ಹಾಯೋ ಹಾಗೆ. ನೇರ ಸೆನ್ಸರ್ ಕಡೆಗೇ ನಡೆದು ಬರೋರನ್ನು ಅದು ಸರಿಯಾಗಿ ಹಿಡಿಯಲ್ಲ. ಜಾಗ ಬದಲಿಸಿ ಆದ ಮೇಲೆ ಸೆನ್ಸಿಟಿವಿಟಿಯನ್ನು ಮತ್ತೆ ನಡುಮಟ್ಟಕ್ಕೆ ತನ್ನಿ. ಹೀಟರ್ ಇನ್ನೂ ಕಂಡರೆ ಲೆನ್ಸಿನ ಆ ಮಗ್ಗುಲಿಗೆ ಒಳಗಡೆಯಿಂದ ಟೇಪ್ ಅಂಟಿಸಿ. ಹೊರಗೆ ಕಪ್ಪು ಟೇಪ್ ಹಾಕಿದರೆ ಬಿಸಿಲಿಗೆ ಅದೇ ಕಾದು ಹೊಸ ತಲೆನೋವು.

ಮಸೂರ: ಇಷ್ಟೆಲ್ಲ ಯಾಕೆ, ಕೋಡಲ್ಲೇ 3 ಸೆಕೆಂಡ್ ಒಳಗೆ ಎರಡು ಪಲ್ಸ್ ಬಂದರೆ ಮಾತ್ರ ಮೆಸೇಜ್ ಅಂತ ಹಾಕಿದರಾಯ್ತು.

ಹಳೇತಂತಿ: ಯೋಚನೆ ಸರಿ, ಆದರೆ 3 ಸೆಕೆಂಡಿಗೆ ಯಾವತ್ತೂ ಮೆಸೇಜ್ ಬರಲ್ಲ. ಟೈಮ್ ನಾಬ್ ಪೂರ್ತಿ ಇಳಿಸಿದರೂ ಔಟ್‌ಪುಟ್ ಸುಮಾರು 3 ಸೆಕೆಂಡ್ ಹೈ ಇರುತ್ತೆ, ಆಮೇಲೆ ಎರಡೂವರೆ ಸೆಕೆಂಡಿನಷ್ಟು ಏನನ್ನೂ ನೋಡಲ್ಲ. ಜಂಪರ್ H ಕಡೆ ಇದ್ದರಂತೂ ಚಲನೆ ಇರೋವರೆಗೆ ಔಟ್‌ಪುಟ್ ಇಳಿಯೋದೇ ಇಲ್ಲ, ಎರಡನೇ ಪಲ್ಸ್ ಎಲ್ಲಿಂದ ಬರಬೇಕು? L ಕಡೆಗೆ ಹಾಕಿ, 15 ಸೆಕೆಂಡ್ ಕೊಡಿ:

```cpp
bool now = digitalRead(PIR);
if (now && !prev) {
  unsigned long t = millis();
  if (last && t - last < 15000UL) sendAlert();
  last = t;
}
prev = now;
```

ಸರಕ್ಕನೆ ಹಾದು ಹೋದವರು ಇದರಲ್ಲಿ ತಪ್ಪಿಸಿಕೊಳ್ತಾರೆ. ಬಿಸಿಗಾಳಿ ಸಾಲಾಗಿ ಪಲ್ಸ್ ಕೊಟ್ಟರೆ ಇದೂ ಮೋಸ ಹೋಗುತ್ತೆ, ಹಾಗಾಗಿ ಜಾಗ ಬದಲಿಸಲೇಬೇಕು.

ಬೆಸುಗೆಹುಡುಗ: ಸಾಕೆಟ್ ಬದಲಿಸಿ ಕೆಪಾಸಿಟರ್ ಹಾಕಿದ ಮೇಲೆ ಟಕ್ ಅನ್ನೋವಾಗಿನ ಟ್ರಿಗರ್ ಹೋಯ್ತು. ಸೆನ್ಸರನ್ನೂ ಕಿಟಕಿ ಗೋಡೆಗೇ ಸಾಗಿಸಿದೆ, ಹೀಟರಿಂದ ಕಾಟ ಇಲ್ಲ. ಆದರೆ ಈಗ ಎದುರಿನ ನೆಲದ ಮೇಲೆ ಬಿಸಿಲು ಬೀಳುತ್ತೆ. ಹೊರಗೆ ಗಾಳಿಗೆ ಮರ ಅಲ್ಲಾಡಿದಾಗ ಒಂದೊಂದು ಮೆಸೇಜ್ ಇನ್ನೂ ಬರ್ತಿದೆ, ಕೋಡ್ ಹಾಕಿದ ಮೇಲೂ.

ರಾತ್ರಿದೀಪ: ಅದಕ್ಕೇ ಹೇಳಿದ್ದು, ಎಲ್‌ಡಿಆರ್.

ಹಳೇತಂತಿ: ನೆಲಕ್ಕೆ ಬೀಳೋ ಕೆಳಗಿನ ಸಾಲಿನ ಲೆನ್ಸುಗಳನ್ನೂ ಮುಚ್ಚಿ ನೋಡಿ. ಸೆನ್ಸರಿನ ಬುಡದಲ್ಲೇ ನುಸುಳೋರು ಕಾಣದೇ ಹೋಗಬಹುದು. ಬಾಗಿಲು ಆ ಕಡೆ ಇಲ್ಲ ತಾನೆ?

ಬೆಸುಗೆಹುಡುಗ: ಇಲ್ಲ, ಬಾಗಿಲು ಪಕ್ಕದ ಗೋಡೇಲಿ. ಮುಂದಿನ ಮೋಡದ ದಿನ ನೋಡಿ ಹೇಳ್ತೀನಿ.