ಎಸ್‌ಒಪಿಯಲ್ಲಿ ಪ್ರೊಫೆಸರ್ ಹೆಸರು: ಅನುಭವ ಇರೋರು ಹೇಳಿ

ಚಿಂತಾಮಣಿಯಿಂದ ಪ್ರಶ್ನೆ: ಎಂ.ಟೆಕ್‌ನಲ್ಲಿ 40 ಬೋರ್‌ವೆಲ್‌ಗಳ ಫ್ಲೋರೈಡ್ ಮೇಲೆ ಪ್ರಾಜೆಕ್ಟ್ ಮಾಡಿದೀನಿ. ಅಮೆರಿಕದ ಪಿಎಚ್‌ಡಿಗೆ ಅರ್ಜಿ. ಎಸ್‌ಒಪಿಯಲ್ಲಿ, ಅಂದ್ರೆ ಯಾಕೆ ಓದಬೇಕು ಅಂತ ಅರ್ಜಿ ಜೊತೆ ಬರೆಯೋ ಪತ್ರದಲ್ಲಿ, ‘ಅಂತರ್ಜಲ ಮಾಲಿನ್ಯ’ದ ಒಬ್ಬ ಪ್ರೊಫೆಸರ್ ಹೆಸರು ಹಾಕಿದೀನಿ. ಸಾಕಾ?

ಸುಮಾ, ಕೋಲಾರ: ಅವರ ವೆಬ್ ಪುಟ ನಂಬಬೇಡಿ, ಎಷ್ಟೋ ಪುಟ ಹಳೇವು. ಗೂಗಲ್ ಸ್ಕಾಲರ್‌ನಲ್ಲಿ ಪೇಪರ್‌ಗಳನ್ನ ವರ್ಷದ ಪ್ರಕಾರ ಜೋಡಿಸಿ, ಕಳೆದ ಮೂರು ವರ್ಷದ್ದು ಓದಿ. ಪುಟದಲ್ಲಿ ‘ಅಂತರ್ಜಲ ಮಾಲಿನ್ಯ’ ಅಂತಿದ್ದು, ಪೇಪರೆಲ್ಲ ನದೀ ಬಯಲಿನ ಆರ್ಸೆನಿಕ್ ಮೇಲಿರಬಹುದು. ಅಲ್ಲಿ ಆಮ್ಲಜನಕ ಇಲ್ಲದ ಕೆಸರಲ್ಲಿ ಕಬ್ಬಿಣದ ಆಕ್ಸೈಡ್ ಕರಗಿ ಆರ್ಸೆನಿಕ್ ನೀರಿಗೆ ಬರುತ್ತೆ. ನಮ್ಮದು ಗಟ್ಟಿ ಬಂಡೆ ಸೀಮೆ. ನೀರಲ್ಲಿರೋ ಕ್ಯಾಲ್ಸಿಯಂ ಕ್ಯಾಲ್ಸೈಟ್ ಆಗಿ ಕೂತುಬಿಟ್ರೆ ಬಂಡೆಯಲ್ಲಿರೋ ಫ್ಲೋರೈಟ್ ಖನಿಜ ಇನ್ನೂ ಕರಗ್ತಾ ಹೋಗಿ ಫ್ಲೋರೈಡ್ ಏರುತ್ತೆ. ‘ನಿಮ್ಮ ವಿಷಯವೇ ನನ್ನ ವಿಷಯ’ ಅಂತ ಬರೆದ್ರೆ ಅವರು ಅಲ್ಲೇ ಓದೋದು ನಿಲ್ಲಿಸ್ತಾರೆ.

ಹೊಂದಿಕೆಯನ್ನ ವಿಧಾನದಲ್ಲಿ ಹುಡುಕಿ. ಅವರೂ ನೀರಿನ ರಸಾಯನ ಲೆಕ್ಕ ಹಾಕೋ PHREEQC ಸಾಫ್ಟ್‌ವೇರ್ ಬಳಸ್ತಾರೆ ಅಂದ್ಕೊಳ್ಳಿ. ಆಗ ಹೀಗೆ ಬರೀರಿ: ‘40 ಬೋರ್‌ವೆಲ್‌ಗಳಲ್ಲಿ ಫ್ಲೋರೈಟ್ ಸ್ಯಾಚುರೇಷನ್ ಲೆಕ್ಕ ಹಾಕಿದೆ, ಇಂತಿಷ್ಟು ಕಡೆ ಲೆಕ್ಕಕ್ಕೂ ಅಳತೆಗೂ ತಾಳೆಯಾಗಲಿಲ್ಲ, ಕಾರಣ ತಿಳಿಯೋಕೆ ನಿಮ್ಮ ಲ್ಯಾಬಿನ ಕಾಲಂ ಪ್ರಯೋಗದ ಕ್ರಮ ಬೇಕು.’ ಪ್ರೊಫೆಸರ್ ಹೆಸರು ಬದಲಾಯಿಸಿದ್ರೂ ಆ ವಾಕ್ಯ ಹಾಗೇ ನಿಲ್ಲುತ್ತೆ ಅನ್ನೋದಾದ್ರೆ ಹೊಡೆದುಹಾಕಿ.

ಮಂಜು, ಶಿರಾ: ಇಷ್ಟೆಲ್ಲಾ ಬೇಡ. ಐದು ಹೆಸರು ಹಾಕಿ, ಆಯ್ಕೆ ಮಾಡೋದು ಕಮಿಟಿ.

ಸುಮಾ: ಕಮಿಟಿ ನೋಡೋ ವಿಭಾಗಗಳಿವೆ, ಒಪ್ತೀನಿ. ಆದ್ರೆ ಭೂವಿಜ್ಞಾನದಲ್ಲಿ ಸಾಮಾನ್ಯವಾಗಿ ಸಂಬಳ ಬರೋದು ಪ್ರೊಫೆಸರ್ ಗ್ರಾಂಟ್‌ನಿಂದ. ಅವರು ಬೇಕು ಅನ್ನದಿದ್ರೆ ಕಮಿಟಿ ಏನು ಮಾಡುತ್ತೆ? ಐದು ಹೆಸರು ಹಾಕಿದ್ರೆ ಯಾರ ಪೇಪರೂ ಓದಿಲ್ಲ ಅಂತ ಗೊತ್ತಾಗುತ್ತೆ.

ಮಂಜು: ಒಂಬತ್ತು ಅರ್ಜಿ, ತಲಾ 90 ಡಾಲರ್, ಒಟ್ಟು 810. ಟ್ರಾನ್ಸ್‌ಕ್ರಿಪ್ಟ್ ಕೊರಿಯರ್ ಬೇರೆ. ಎಲ್ಲದರಲ್ಲೂ ಒಬ್ಬೊಬ್ಬರದೇ ಹೆಸರು ಹಾಕಿದ್ದೆ. ಅದರಲ್ಲಿ ಇಬ್ಬರು ನಿವೃತ್ತರು, ಒಬ್ಬರು ಬೇರೆ ಯೂನಿವರ್ಸಿಟಿಗೆ ಹೋಗಿದ್ರು. ದುಡ್ಡು ಕಳ್ಕೊಂಡೋನು ನಾನು, ಪಾಠ ನೀವು ಹೇಳ್ತೀರಾ?

ಸುಮಾ: ಅದು ಒಂದು ಹೆಸರು ಹಾಕಿದ್ದರ ತಪ್ಪಲ್ಲ ಮಂಜು ಅವರೇ, ವಿಚಾರಿಸದೇ ಹಾಕಿದ್ದರ ತಪ್ಪು. ಅದಕ್ಕೇ ಇಬ್ಬರು ಮೂವರು ಇರಲಿ ಅನ್ನೋದು. ಸಂಶೋಧನೆಗೆ ದುಡ್ಡು ಕೊಡೋ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಎಸ್‌ಎಫ್‌ನ ಅವಾರ್ಡ್ ಸರ್ಚ್‌ನಲ್ಲಿ ಅವರ ಹೆಸರು ಹಾಕಿ, ಗ್ರಾಂಟ್ ಮುಗಿಯೋ ತಾರೀಖು ನೋಡಿ. ನೀವು ಸೇರೋ ವರ್ಷಾನೇ ಮುಗಿಯೋದಿದ್ರೆ ಹೊಸ ಗ್ರಾಂಟ್ ಇದೆಯಾ ಅಂತ ಕೇಳಬೇಕು.

ನಯಾಜ್, ಗೌರಿಬಿದನೂರು: ಜರ್ಮನಿಗೆ ಹೆಸರೇ ಬೇಡ ಕಣ್ರೀ. ನನ್ನ ಮಾಸ್ಟರ್ಸ್ ಪತ್ರದಲ್ಲಿ ಯಾವ ಕೋರ್ಸ್ ಯಾಕೆ ಬೇಕು ಅಂತ ಬರೆದೆ ಅಷ್ಟೇ. ಖರ್ಚಾಗಿದ್ದು ಅಂಕಪಟ್ಟಿ ಪರಿಶೀಲಿಸೋ ಎಪಿಎಸ್‌ಗೆ 18,000 ರೂಪಾಯಿ, ಅರ್ಜಿ ತಗೊಳ್ಳೋ ಯೂನಿ-ಅಸಿಸ್ಟ್‌ಗೆ ಮೊದಲನೇದಕ್ಕೆ 75 ಯೂರೋ, ಆಮೇಲೆ ಒಂದೊಂದಕ್ಕೂ 30.

ಮಂಜು: ಅವರು ಕೇಳಿದ್ದು ಅಮೆರಿಕದ ಪಿಎಚ್‌ಡಿ!

ನಯಾಜ್: ಹೌದಾ, ಸರಿ. ಆದ್ರೆ ಅರ್ಜಿಗೆ ಮೊದಲು ಮೇಲ್ ಹಾಕಿದ್ರೆ ಪ್ರೊಫೆಸರ್‌ಗಳಿಗೆ ಕಿರಿಕಿರಿ, ಹಾಕಬೇಡಿ.

ಸುಮಾ: ‘ಮೇಲ್ ಮಾಡಬೇಡಿ’ ಅಂತ ಪುಟದಲ್ಲಿ ಬರೆದಿರೋರಿಗೆ ಮಾತ್ರ ಹಾಕಬೇಡಿ. ಮಿಕ್ಕವರಿಗೆ ಸೆಪ್ಟೆಂಬರ್‌ನಲ್ಲೇ ಆರೇಳು ಸಾಲು ಬರೆದು, ಈ ವರ್ಷ ವಿದ್ಯಾರ್ಥಿ ತಗೋತೀರಾ ಅಂತ ಕೇಳಿ. ಗಡುವು ಡಿಸೆಂಬರ್ ಶುರುವಿನಲ್ಲೇ ಬರುತ್ತೆ.

ಮಂಜು: ನನ್ನ ಆರು ಮೇಲ್‌ಗೆ ಒಂದಕ್ಕೂ ಉತ್ತರ ಬಂದಿಲ್ಲ. ಅದಕ್ಕೇನು ಹೇಳ್ತೀರಿ?

ಸುಮಾ: ಆ ಮೇಲ್ ಇಲ್ಲಿ ಹಾಕಿ, ನೋಡ್ತೀನಿ.