ಚಾರ್ಜ್ ಆಗುತ್ತಿರುವ ಕೆಪಾಸಿಟರ್: ಒಂದೇ ಲೂಪಿಗೆ ಒಮ್ಮೆ 16, ಇನ್ನೊಮ್ಮೆ 4. ಎಲ್ಲಿ ತಪ್ಪುತ್ತಿದ್ದೇನೆ?

ನವಿಲುಗರಿ

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದು ಲೆಕ್ಕ ತಲೆ ತಿನ್ನುತ್ತಿದೆ, ದಯವಿಟ್ಟು ನೋಡಿ.

ದುಂಡನೆಯ ಎರಡು ಪ್ಲೇಟ್. ತ್ರಿಜ್ಯ 5 ಸೆಂ.ಮೀ., ನಡುವೆ 1 ಮಿ.ಮೀ. ಗಾಳಿ. ನೇರವಾದ ತಂತಿ ಬಂದು ಪ್ಲೇಟಿನ ನಟ್ಟನಡುವೆ ಸೇರುತ್ತದೆ. ತಂತಿಯಲ್ಲಿ 2 ಆಂಪಿಯರ್ ಹರಿಯುತ್ತಿದೆ, ಕೆಪಾಸಿಟರ್ ಚಾರ್ಜ್ ಆಗುತ್ತಿದೆ. ಪ್ಲೇಟಿನ ಹಿಂದುಗಡೆ, ಅದಕ್ಕೆ ತೀರಾ ಹತ್ತಿರ, ತಂತಿಯನ್ನು ಸುತ್ತುವ ಹಾಗೆ 2.5 ಸೆಂ.ಮೀ. ತ್ರಿಜ್ಯದ ಲೂಪ್ ತೆಗೆದುಕೊಂಡೆ.

ಲೂಪಿಗೆ ತಟ್ಟೆಯ ಹಾಗೆ ಚಪ್ಪಟೆ ಮೇಲ್ಮೈ ಮುಚ್ಚಿದರೆ ತಂತಿ ಅದನ್ನು ತೂರಿ ಹೋಗುತ್ತದೆ. ಕಾಂತಕ್ಷೇತ್ರ 16 ಮೈಕ್ರೋಟೆಸ್ಲಾ ಬರುತ್ತದೆ.

ಈಗ ಅದೇ ಲೂಪನ್ನು ಬಾಯಿ ಮಾಡಿಕೊಂಡು ಒಂದು ಚೀಲ ಇಳಿಬಿಟ್ಟೆ. ಚೀಲದ ತಳ ಎರಡು ಪ್ಲೇಟ್‌ಗಳ ನಡುವಿನ ಗಾಳಿಯಲ್ಲಿದೆ. ಅಲ್ಲಿ ತಂತಿಯೇ ಇಲ್ಲ, ಹಾಗಾಗಿ ಹಳೆಯ ಆಂಪಿಯರ್ ನಿಯಮದ ಪ್ರಕಾರ ಸೊನ್ನೆ. ಡಿಸ್‌ಪ್ಲೇಸ್‌ಮೆಂಟ್ ಕರೆಂಟ್ ಸೇರಿಸಬೇಕು ಅಂತ ಗೊತ್ತು, ಸೇರಿಸಿದೆ. ತಳದ ವಿಸ್ತೀರ್ಣ ಪ್ಲೇಟಿನ ಕಾಲು ಭಾಗ, ಅಂದರೆ 0.5 ಆಂಪಿಯರ್. ಕಾಂತಕ್ಷೇತ್ರ 4 ಮೈಕ್ರೋಟೆಸ್ಲಾ ಬಂತು.

ತಿದ್ದುಪಡಿ ಹಾಕಿದ ಮೇಲೂ 16 ಬರಲಿಲ್ಲ. ಒಂದೇ ಲೂಪು ಅಲ್ವಾ?

ಗಾಳಿಪಟ

ಚೀಲ ಚಿಕ್ಕದಾಯಿತು, ಅಷ್ಟೆ. ಪ್ಲೇಟಿನ ಅಂಚನ್ನು ದಾಟಿ ಹೊರಗಿನಿಂದ ಸುತ್ತಿ ಬರುವಷ್ಟು ಅಗಲ ಮಾಡಿ. ಆಗ ಇಡೀ ಪ್ಲೇಟಿನ ಫ್ಲಕ್ಸ್ ಚೀಲದೊಳಗೆ ಬರುತ್ತದೆ. ಪೂರ್ತಿ 2 ಆಂಪಿಯರ್ ಸಿಗುತ್ತದೆ, 16 ಸರಿಹೋಗುತ್ತದೆ.

ಡಿಸ್‌ಪ್ಲೇಸ್‌ಮೆಂಟ್ ಕರೆಂಟ್ ಅಂದರೆ ತಂತಿಯ ಕರೆಂಟೇ ಗಾಳಿಯಲ್ಲಿ ಮುಂದುವರಿದ ಹಾಗೆ. ಆದ್ದರಿಂದ ಪ್ಲೇಟ್ ನಡುವೆ ಕೂಡ 2.5 ಸೆಂ.ಮೀ. ದೂರದಲ್ಲಿ 16 ಇರಲೇಬೇಕು. ನಿಮ್ಮ 4 ತಪ್ಪು.

ನವಿಲುಗರಿ

ಅಗಲ ಮಾಡಿ ನೋಡಿದೆ ಸರ್, 16 ಬಂತು. ಧನ್ಯವಾದ. ಆದರೆ ಸಮಾಧಾನ ಆಗಲಿಲ್ಲ. ಲೂಪಿಗೆ ಯಾವ ಮೇಲ್ಮೈ ಮುಚ್ಚಿದರೂ ಉತ್ತರ ಒಂದೇ ಅಂತ ನಿಯಮ ಹೇಳುತ್ತದೆ. ಚಿಕ್ಕ ಚೀಲ ಯಾಕೆ ಕೆಲಸ ಮಾಡಬಾರದು?

ತಾಮ್ರತಂತಿ

ಚಿಕ್ಕ ಚೀಲವೂ ಕೆಲಸ ಮಾಡುತ್ತದೆ. ನೀವು ತಳವನ್ನು ಮಾತ್ರ ಲೆಕ್ಕ ಹಾಕಿದ್ದೀರಿ, ಚೀಲದ ಗೋಡೆಯನ್ನು ಬಿಟ್ಟಿದ್ದೀರಿ.

ಚೀಲದ ಬಾಯಿ ಪ್ಲೇಟಿನ ಹಿಂದೆ ಇದೆ, ತಳ ಪ್ಲೇಟಿನ ಮುಂದೆ ಇದೆ. ಚೀಲದ ಅಗಲ ಪ್ಲೇಟಿಗಿಂತ ಕಡಿಮೆ. ಹಾಗಿದ್ದರೆ ಗೋಡೆ ಎಲ್ಲೋ ಒಂದು ಕಡೆ ಪ್ಲೇಟನ್ನೇ ಸೀಳಿಕೊಂಡು ಹೋಗಬೇಕು. ಆ ಸೀಳಿನಲ್ಲಿ ಲೋಹ ಇದೆ, ಲೋಹದಲ್ಲಿ ಕರೆಂಟ್ ಇದೆ.

ಯಾವ ಕರೆಂಟ್ ಅಂತ ಕೇಳಬಹುದು. ತಂತಿ ಪ್ಲೇಟಿನ ನಡುವಿಗೆ ಸೆಕೆಂಡಿಗೆ 2 ಕೂಲಂಬ್ ದರದಲ್ಲಿ ಚಾರ್ಜ್ ತಂದು ಸುರಿಯುತ್ತಿದೆ. ಆ ಚಾರ್ಜ್ ನಡುವೆಯೇ ಗುಡ್ಡೆಯಾಗಿ ಕೂರುವುದಿಲ್ಲ, ಇಡೀ ಪ್ಲೇಟಿನ ಮೇಲೆ ಸಮನಾಗಿ ಹರಡಿಕೊಳ್ಳುತ್ತದೆ. 2.5 ಸೆಂ.ಮೀ. ವೃತ್ತದ ಒಳಗೆ ಪ್ಲೇಟಿನ ಕಾಲು ಭಾಗ ಇದೆ, ಹಾಗಾಗಿ ಅಲ್ಲಿ ನಿಲ್ಲುವುದು ಸೆಕೆಂಡಿಗೆ 0.5 ಕೂಲಂಬ್ ಮಾತ್ರ. ಉಳಿದ 1.5 ಆ ವೃತ್ತವನ್ನು ದಾಟಿ ಅಂಚಿನ ಕಡೆ ಹೋಗಲೇಬೇಕು. ಪ್ಲೇಟಿನ ಉದ್ದಗಲಕ್ಕೂ ನಡುವಿನಿಂದ ಹೊರಗೆ ಹೀಗೆ ಕರೆಂಟ್ ಹರಿಯುತ್ತಿದೆ. ನಿಮ್ಮ ಚೀಲದ ಗೋಡೆಯನ್ನು ತೂರುವುದು ಇದೇ.

```
ತಳ   : 2 × (2.5/5)²         = 0.5 A
ಗೋಡೆ : 2 × [1 − (2.5/5)²]   = 1.5 A
ಒಟ್ಟು :                        2.0 A
```

16 ಮೈಕ್ರೋಟೆಸ್ಲಾ ಸಿಕ್ಕಿತು. ಚಪ್ಪಟೆ ತಟ್ಟೆ, ಅಗಲ ಚೀಲ, ಚಿಕ್ಕ ಚೀಲ, ಮೂರಕ್ಕೂ ಒಂದೇ ಉತ್ತರ.

ಗಾಳಿಪಟ ಅವರೇ, ಅಗಲ ಚೀಲದ ಮಾತು ಸರಿ. ಆದರೆ ಆ 4 ತಪ್ಪಲ್ಲ, ಅದು ಬೇರೆ ಲೂಪಿನ ಉತ್ತರ. ಲೂಪನ್ನೇ ಪ್ಲೇಟ್‌ಗಳ ನಡುವೆ ಇಟ್ಟು ಚಪ್ಪಟೆ ಮೇಲ್ಮೈ ಮುಚ್ಚಿ ನೋಡಿ. ತೂರುವುದು 0.5 ಆಂಪಿಯರ್ ಡಿಸ್‌ಪ್ಲೇಸ್‌ಮೆಂಟ್ ಕರೆಂಟ್ ಮಾತ್ರ. ತಂತಿಯಲ್ಲಿ ಕರೆಂಟ್ ಒಂದು ಗೆರೆಯ ಹಾಗೆ ಸಣ್ಣಗೆ ಇರುತ್ತದೆ. ಗಾಳಿಯಲ್ಲಿ ಅದು ಪ್ಲೇಟಿನಷ್ಟು ದಪ್ಪನೆಯ ಕಂಬದ ಹಾಗೆ ಹರಡಿರುತ್ತದೆ. ಒಟ್ಟು ಮೊತ್ತ ಒಂದೇ, ಹಂಚಿಕೆ ಬೇರೆ.

ಗಾಳಿಪಟ

ಅಂದರೆ ಪ್ಲೇಟಿನ ಹಿಂದೆ 16, ಅದೇ ಪ್ಲೇಟಿನ ಮುಂದೆ 4? ಕಾಗದದಷ್ಟು ತೆಳುವಾದ ಪ್ಲೇಟಿನ ಎರಡು ಬದಿಗೆ ಕಾಂತಕ್ಷೇತ್ರ ಹೀಗೆ ಜಿಗಿಯುತ್ತದಾ? ಒಪ್ಪಿಕೊಳ್ಳಲು ಕಷ್ಟ.

ತಾಮ್ರತಂತಿ

ಜಿಗಿಯುತ್ತದೆ. ಜಿಗಿಯದಿದ್ದರೆ ಲೆಕ್ಕ ತಪ್ಪಿದೆ ಎಂದರ್ಥ. ಕರೆಂಟ್ ಹರಿಯುವ ತೆಳು ಹಾಳೆಯ ಎರಡು ಬದಿಗೆ ಕಾಂತಕ್ಷೇತ್ರ ಬೇರೆ ಬೇರೆ ಇರುತ್ತದೆ. ವ್ಯತ್ಯಾಸ ಎಷ್ಟು ಎನ್ನುವುದು ಹಾಳೆಯ ಒಂದು ಮೀಟರ್ ಅಗಲದಲ್ಲಿ ಎಷ್ಟು ಕರೆಂಟ್ ಇದೆ ಎನ್ನುವುದರ ಮೇಲೆ ನಿಂತಿದೆ. ಇಲ್ಲಿ 1.5 ಆಂಪಿಯರನ್ನು ವೃತ್ತದ ಸುತ್ತಳತೆ 0.157 ಮೀಟರಿನಿಂದ ಭಾಗಿಸಿ. ಮೀಟರಿಗೆ ಸುಮಾರು 9.55 ಆಂಪಿಯರ್. ಅದನ್ನು μ0 ಇಂದ ಗುಣಿಸಿದರೆ 12 ಮೈಕ್ರೋಟೆಸ್ಲಾ. 16ರಿಂದ 12 ಹೋದರೆ 4. ಪ್ಲೇಟಿನ ಕರೆಂಟನ್ನು ನಾವು ಚಾರ್ಜ್ ಹರಡುವ ರೀತಿಯಿಂದ ತೆಗೆದದ್ದು, 4 ಬಂದದ್ದು ಗಾಳಿಯಲ್ಲಿನ ವಿದ್ಯುತ್ ಕ್ಷೇತ್ರದಿಂದ. ಎರಡು ಬೇರೆ ದಾರಿ ಒಂದೇ ಕಡೆ ಬಂದು ಸೇರುತ್ತವೆ. ನನಗೆ ಈ ಲೆಕ್ಕ ತುಂಬಾ ಇಷ್ಟವಾಗುವುದು ಇದೇ ಕಾರಣಕ್ಕೆ.

ತಿದ್ದುಪಡಿ ಯಾಕೆ ಬೇಕೇ ಬೇಕು ಅನ್ನುವುದೂ ಇಲ್ಲೇ ಕಾಣುತ್ತದೆ. ಚಪ್ಪಟೆ ತಟ್ಟೆಯನ್ನು ಚೀಲದ ಬಾಯಿಗೆ ಮುಚ್ಚಳ ಮಾಡಿ. ಈಗ ಅದು ಪೂರ್ತಿ ಮುಚ್ಚಿದ ಡಬ್ಬಿ. ಹಳೆಯ ನಿಯಮ ಸರಿಯಾಗಬೇಕಾದರೆ ಡಬ್ಬಿಯೊಳಗೆ ಬಂದಷ್ಟು ಕರೆಂಟ್ ಹೊರಗೆ ಹೋಗಲೇಬೇಕು. ಅಗಲ ಚೀಲದಲ್ಲಿ 2 ಆಂಪಿಯರ್ ಒಳಗೆ ಬರುತ್ತದೆ, ಏನೂ ಹೊರಗೆ ಹೋಗುವುದಿಲ್ಲ, ಚಾರ್ಜ್ ಒಳಗೆ ಜಮೆಯಾಗುತ್ತಿದೆ. ಜಮೆಯಾದ ಚಾರ್ಜಿಗೆ ತಕ್ಕ ಹಾಗೆ ಡಬ್ಬಿಯಿಂದ ಹೊರಡುವ ವಿದ್ಯುತ್ ಫ್ಲಕ್ಸ್ ಏರುತ್ತದೆ. ಆ ಏರಿಕೆಯ ದರವನ್ನು ε0 ಇಂದ ಗುಣಿಸಿದರೆ ಸರಿಯಾಗಿ 2 ಆಂಪಿಯರ್ ಬರುತ್ತದೆ. ಸಾಲದೇ ಇದ್ದದ್ದು ಎಷ್ಟೋ ಅಷ್ಟೇ.

```
∮B·dl = μ0 ( I + ε0 dΦE/dt )
```

ಮ್ಯಾಕ್ಸ್‌ವೆಲ್ 1861-62ರ ತಮ್ಮ ಲೇಖನದಲ್ಲಿ ಈ ಪದವನ್ನು ಸೇರಿಸಿದರು.

ಹಳೆಮೀಟರ್

ನಾನು ಇದನ್ನು ಕೈಯಾರೆ ನೋಡಿದ್ದೇನೆ ಅಂದುಕೊಂಡಿದ್ದೇನೆ. 10,000 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್, 100 ಓಮ್ ರೆಸಿಸ್ಟರ್, 12 ವೋಲ್ಟ್. ಪಕ್ಕದಲ್ಲೇ ಫೋನ್ ಇಟ್ಟು ಕಾಂತಕ್ಷೇತ್ರ ಅಳೆಯುವ ಆ್ಯಪ್ ತೆರೆದೆ. ಕೆಪಾಸಿಟರ್ ಹತ್ತಿರ ತಂದ ಕೂಡಲೇ ಸುಮಾರು 5 ಮೈಕ್ರೋಟೆಸ್ಲಾ ಬದಲಾಯಿತು. ಚಾರ್ಜ್ ಮುಗಿದು ನಿಮಿಷ ಕಳೆದರೂ ಹಾಗೇ ಇತ್ತು. ಇದು ಡಿಸ್‌ಪ್ಲೇಸ್‌ಮೆಂಟ್ ಕರೆಂಟ್ ತಾನೇ?

ತಾಮ್ರತಂತಿ

ಅಲ್ಲ ಅಣ್ಣಾ. ಚಾರ್ಜ್ ಮುಗಿದ ಮೇಲೂ ಉಳಿಯಿತು ಅಂದಿರಲ್ಲ, ಗುರುತು ಅಲ್ಲೇ ಇದೆ. ನಿಮ್ಮ ಸರ್ಕ್ಯೂಟಿನ ಟೈಮ್ ಕಾನ್‌ಸ್ಟಂಟ್ 1 ಸೆಕೆಂಡ್. ಐದಾರು ಸೆಕೆಂಡಿನಲ್ಲಿ ಕರೆಂಟ್ ಬಹುತೇಕ ನಿಂತುಹೋಗುತ್ತದೆ. ಒಳಗೆ ವಿದ್ಯುತ್ ಕ್ಷೇತ್ರ ಜೋರಾಗಿಯೇ ಇರುತ್ತದೆ, ಆದರೆ ಬದಲಾಗುತ್ತಿಲ್ಲ. ಬದಲಾಗದ ಕ್ಷೇತ್ರಕ್ಕೆ ಡಿಸ್‌ಪ್ಲೇಸ್‌ಮೆಂಟ್ ಕರೆಂಟ್ ಇಲ್ಲ. ಉಳಿದುಕೊಂಡ 5 ಮೈಕ್ರೋಟೆಸ್ಲಾ ಕಬ್ಬಿಣದ ಕೆಲಸ ಇರಬೇಕು, ಕೆಪಾಸಿಟರಿನ ಕಾಲುಗಳಲ್ಲಿ ಅಥವಾ ಕ್ಲಿಪ್‌ನಲ್ಲಿ. ಎಲ್ಲ ಕನೆಕ್ಷನ್ ಬಿಚ್ಚಿ, ಸುಮ್ನೆ ಕೆಪಾಸಿಟರ್ ಒಂದನ್ನೇ ಹತ್ತಿರ ತಂದು ನೋಡಿ. ಆಮೇಲೆ ಕ್ಲಿಪ್ ಒಂದನ್ನೇ.

ನಿಜವಾದ ಕರೆಂಟ್ ಮೊದಲಲ್ಲಿ 0.12 ಆಂಪಿಯರ್. ತಂತಿಯಿಂದ 2 ಸೆಂ.ಮೀ. ದೂರದಲ್ಲಿ ಅದರ ಕಾಂತಕ್ಷೇತ್ರ 1.2 ಮೈಕ್ರೋಟೆಸ್ಲಾ, ಅದೂ ಕೆಲವೇ ಸೆಕೆಂಡಿನಲ್ಲಿ ಇಳಿದುಹೋಗುತ್ತದೆ. ಭೂಮಿಯದ್ದೇ ಜಾಗಕ್ಕೆ ತಕ್ಕ ಹಾಗೆ 25ರಿಂದ 65 ಇರುತ್ತದೆ. ಆ ಚಿಕ್ಕ ಏರಿಳಿತ ಕಂಡರೂ ಅದು ತಂತಿಯದ್ದೋ ಒಳಗಿನದ್ದೋ ಹೊರಗಿನಿಂದ ಹೇಳಲು ಆಗುವುದಿಲ್ಲ.

ನವಿಲುಗರಿ

ಹಾಗಾದರೆ ನನ್ನ ದುಂಡನೆಯ ಪ್ಲೇಟ್‌ಗಳನ್ನು ನಿಜವಾಗಿ ಮಾಡಿ, ನಡುವೆ 4 ಮೈಕ್ರೋಟೆಸ್ಲಾ ಅಳೆಯಬಹುದಾ?

ತಾಮ್ರತಂತಿ

ಮೊದಲು ಕೆಪಾಸಿಟನ್ಸ್ ಲೆಕ್ಕ ಹಾಕಿ, ಸುಮಾರು 70 ಪಿಕೋಫ್ಯಾರಡ್ ಬರುತ್ತದೆ. ಅದಕ್ಕೆ 2 ಆಂಪಿಯರ್ ಸುರಿದರೆ ವೋಲ್ಟೇಜ್ ಪ್ರತಿ ಮೈಕ್ರೋಸೆಕೆಂಡಿಗೆ 28,000 ವೋಲ್ಟಿಗಿಂತ ಜಾಸ್ತಿ ಏರುತ್ತದೆ. 1 ಮಿ.ಮೀ. ಗಾಳಿ ಸುಮಾರು 3,000 ವೋಲ್ಟ್ ತಡೆಯುತ್ತದೆ, ಆಮೇಲೆ ಕಿಡಿ ಹಾರುತ್ತದೆ. ಅಂದರೆ ನಿಮಗೆ ಸಿಗುವುದು ಒಂದು ಮೈಕ್ರೋಸೆಕೆಂಡಿನ ಹತ್ತನೇ ಒಂದು ಭಾಗ. ಫೋನಿನ ಸೆನ್ಸರ್ ಅದನ್ನು ಹಿಡಿಯುವುದಿಲ್ಲ. ಹೆಚ್ಚು ಫ್ರೀಕ್ವೆನ್ಸಿಯ ಎ.ಸಿ. ಕೊಟ್ಟು, ಚಿಕ್ಕ ಸುರುಳಿ ಇಟ್ಟು, ಅದರಲ್ಲಿ ಹುಟ್ಟುವ ವೋಲ್ಟೇಜನ್ನು ಆಸಿಲೋಸ್ಕೋಪಿನಲ್ಲಿ ನೋಡಬೇಕು. ಆದರೆ 1 ಮಿ.ಮೀ. ಸಂದಿಯಲ್ಲಿ ಸುರುಳಿ ಇಡುವುದು ಕಷ್ಟ. ಸಂದಿ ದೊಡ್ಡದು ಮಾಡಿದರೆ ಅಂಚಿನಲ್ಲಿ ಕ್ಷೇತ್ರ ಹೊರಗೆ ಉಬ್ಬುತ್ತದೆ, ನಮ್ಮ ಸಮ ಹಂಚಿಕೆಯ ಲೆಕ್ಕ ಸಡಿಲವಾಗುತ್ತದೆ.

ಬೆಳ್ಳಿಗೆರೆ

ಒಂದು ಮಾತು ಸೇರಿಸುತ್ತೇನೆ. ಬಯೋ-ಸವಾರ್ ನಿಯಮದಲ್ಲಿ ತಂತಿಗಳ ಕರೆಂಟ್ ಮತ್ತು ಪ್ಲೇಟ್‌ಗಳಲ್ಲಿ ಹರಡುವ ಕರೆಂಟ್ ಮಾತ್ರ ಹಾಕಿ ಕೂಡಿಸಿದರೆ, ಪ್ಲೇಟ್ ನಡುವೆ ಇದೇ 4 ಬರುತ್ತದೆ. ಡಿಸ್‌ಪ್ಲೇಸ್‌ಮೆಂಟ್ ಕರೆಂಟನ್ನು ಮುಟ್ಟಲೇ ಇಲ್ಲ. ಹಾಗಿದ್ದ ಮೇಲೆ ಅದು ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ ಅನ್ನುವುದು ಸರಿಯಲ್ಲ. ಅದು ಲೆಕ್ಕ ಸರಿದೂಗಿಸುವ ಪದ.

ತಾಮ್ರತಂತಿ

ನಿಧಾನವಾಗಿ ಚಾರ್ಜ್ ಆಗುವಾಗ ನಿಮ್ಮ ಮಾತು ನಿಜ. ಜಾಗದ ತುಂಬ ಇರುವ ಡಿಸ್‌ಪ್ಲೇಸ್‌ಮೆಂಟ್ ಕರೆಂಟಿನ ತುಣುಕುಗಳ ಪಾಲು ಬಯೋ-ಸವಾರ್ ಮೊತ್ತದಲ್ಲಿ ಒಂದನ್ನೊಂದು ಹೊಡೆದುಹಾಕುತ್ತದೆ. ಇಲ್ಲಿ ಬೆಳಕು 5 ಸೆಂ.ಮೀ. ದಾಟಲು 0.17 ನ್ಯಾನೋಸೆಕೆಂಡ್ ಸಾಕು. ಚಾರ್ಜ್ ಆಗುವ ಹೊತ್ತು ಅದರ ನೂರಾರು ಪಟ್ಟು, ಹಾಗಾಗಿ ನಿಧಾನ ಅಂತಲೇ ಹೇಳಬೇಕು.

ಆದರೆ ಇದರಿಂದ ಆ ಪದ ಬೇಡ ಅಂತ ಆಗುವುದಿಲ್ಲ. ತುಂಡಾದ ಸರ್ಕ್ಯೂಟಿಗೆ ಬಯೋ-ಸವಾರ್ ಹಾಕಿದಾಗ ಬರುವ ಕಾಂತಕ್ಷೇತ್ರ ತಿದ್ದಿದ ನಿಯಮವನ್ನೇ ಪಾಲಿಸುತ್ತದೆ, ಹಳೆಯದನ್ನಲ್ಲ. ತಿದ್ದುಪಡಿ ಅದರೊಳಗೇ ಕೂತಿದೆ. ವೇಗ ಹೆಚ್ಚಾಗಿ ಅಲೆಗಳು ಹೊರಟರೆ ನಿಮ್ಮ ಸರಳ ಮೊತ್ತ ಕೈಕೊಡುತ್ತದೆ, ಆ ಪದ ಮಾತ್ರ ನಿಲ್ಲುತ್ತದೆ.

ಬೆಳ್ಳಿಗೆರೆ

ಕೈಕೊಡುವುದಿಲ್ಲ. ಕರೆಂಟ್ ಮತ್ತು ಅದರ ಬದಲಾವಣೆಯ ದರವನ್ನು ತಡವಾದ ಕಾಲದಲ್ಲಿ ತೆಗೆದುಕೊಂಡರೆ ಅಲೆಗೂ ಸರಿಹೋಗುತ್ತದೆ. ಮೂಲ ಚಾರ್ಜುಗಳ ಚಲನೆಯೇ.

ತಾಮ್ರತಂತಿ

ತಡವಾದ ಕಾಲದ ಆ ಸೂತ್ರ ಎಲ್ಲಿಂದ ಬಂತು? ಈ ಪದ ಇರುವ ಸಮೀಕರಣಗಳನ್ನು ಬಿಡಿಸಿಯೇ ಅಲ್ವಾ? ಯಾವುದು ಮೂಲ ಅನ್ನುವುದರಲ್ಲಿ ನಾವಿಬ್ಬರೂ ಒಪ್ಪುವ ಹಾಗೆ ಕಾಣುವುದಿಲ್ಲ. ಅಂಕಿಗಳಲ್ಲಿ ಒಪ್ಪುತ್ತೇವೆ.

ನವಿಲುಗರಿ

4 ಸೆಂ.ಮೀ. ತ್ರಿಜ್ಯಕ್ಕೆ ನಾನೇ ಮಾಡಿ ನೋಡಿದೆ. ತಳ 1.28 ಆಂಪಿಯರ್, ಗೋಡೆ 0.72, ಒಟ್ಟು 2. ಹಿಂದೆ 10 ಮೈಕ್ರೋಟೆಸ್ಲಾ, ಮುಂದೆ 6.4. ಅಂಚಿನಲ್ಲಿ 5 ಸೆಂ.ಮೀ.ಗೆ ಎರಡೂ ಕಡೆ 8 ಬಂತು, ಜಿಗಿತ ಇಲ್ಲ. ಅಲ್ಲಿಂದಾಚೆ ಹರಿಯಲು ಚಾರ್ಜ್ ಉಳಿದಿಲ್ಲ, ಹಾಗಾಗಿ ಪ್ಲೇಟಿನ ಕರೆಂಟ್ ಸೊನ್ನೆ.

ಹಳೆಮೀಟರ್

ಕನೆಕ್ಷನ್ ಬಿಚ್ಚಿ ಕ್ಲಿಪ್ ಒಂದನ್ನೇ ಫೋನಿನ ಹತ್ತಿರ ತಂದೆ. ಅದೇ 5 ಮೈಕ್ರೋಟೆಸ್ಲಾ ತೋರಿಸಿತು. ಕ್ಲಿಪ್ ತೆಗೆದು ಬರೀ ತಾಮ್ರದ ತಂತಿ ಬೆಸುಗೆ ಹಾಕಿ ಮತ್ತೆ ಮಾಡುತ್ತೇನೆ.