ಮದುವೆ ವಿಡಿಯೋ ಯೂಟ್ಯೂಬಿಗೆ: ಪ್ರೈವೇಟಾ, ಅನ್‌ಲಿಸ್ಟೆಡ್ಡಾ? ಅನುಭವ ಹೇಳಿ

ಶ್ರೀರಂಗಪಟ್ಟಣದ ಹುಡುಗ: ತಂಗಿ ಮದುವೆ ವಿಡಿಯೋ ಮೂರು ಗಂಟೆ ಇದೆ. ನೆಂಟರಿಗೆ ಮಾತ್ರ ಕಾಣಬೇಕು, ಸುಮಾರು 120 ಜನ. ಅಜ್ಜಿಗೆ ಟಿವಿಯಲ್ಲಿ ತೋರಿಸಬೇಕು. ಯಾವುದಕ್ಕೆ ಇಡಲಿ?

ಮಂಡ್ಯ ಟ್ಯೂಷನ್ ಮೇಷ್ಟ್ರು: ಅನ್‌ಲಿಸ್ಟೆಡ್ ಅಂದ್ರೆ ಲಿಂಕ್ ಇದ್ದವರೆಲ್ಲ ನೋಡಬಹುದು ಅಂತ, ಅದನ್ನೇ ಬೀಗ ಅಂದುಕೊಂಡು ಕೆಟ್ಟವನು ನಾನು, ಅದಕ್ಕೆ ಬರೀತಿದ್ದೀನಿ. ಹತ್ತನೇ ಕ್ಲಾಸ್ ಗಣಿತದ 11 ಪಾಠ ರೆಕಾರ್ಡ್ ಮಾಡಿ ಅನ್‌ಲಿಸ್ಟೆಡ್ ಇಟ್ಟಿದ್ದೆ. ದುಡ್ಡು ಕೊಟ್ಟಿದ್ದವರು 42 ಮಕ್ಕಳು, ತಲಾ 1500 ರೂಪಾಯಿ. ಲಿಂಕ್ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಮೂರನೇ ವಾರಕ್ಕೆ ತ್ರಿಕೋನಮಿತಿ ಪಾಠಕ್ಕೆ 900 ವ್ಯೂ! 42 ಮಕ್ಕಳು ಎಷ್ಟು ಸಲ ನೋಡಿಯಾರು? ಯೂಟ್ಯೂಬ್ ಸ್ಟುಡಿಯೋದ ಅನಲಿಟಿಕ್ಸ್‌ನಲ್ಲಿ ನೋಡುಗರು ಎಲ್ಲಿಂದ ಬಂದರು ಅಂತ ತೆಗೆದು ನೋಡಿದೆ. ವಾಟ್ಸಾಪ್ ಇತ್ತು, ಅದು ಗೊತ್ತಿದ್ದದ್ದೇ. ಕೆಳಗಡೆ ಪ್ಲೇಲಿಸ್ಟ್ ಮತ್ತು ಯೂಟ್ಯೂಬ್ ಸರ್ಚ್ ಕೂಡ ಇತ್ತು. ಅಲ್ಲೇ ಎದೆ ಧಸಕ್ ಅಂತು.

ಮಕ್ಕಳನ್ನೆಲ್ಲ ಕೂರಿಸಿ ಬೈದೆ. ಆಮೇಲೆ ನೋಡಿದರೆ ತಪ್ಪು ನನ್ನದೇ. ಒಂದರ ಹಿಂದೆ ಒಂದು ಓಡಲಿ ಅಂತ ನಾನೇ ಪ್ಲೇಲಿಸ್ಟ್ ಮಾಡಿದ್ದೆ, ಆ ಪ್ಲೇಲಿಸ್ಟ್ ಪಬ್ಲಿಕ್ ಆಗಿತ್ತು. ಅನ್‌ಲಿಸ್ಟೆಡ್ ವಿಡಿಯೋ ಪಬ್ಲಿಕ್ ಪ್ಲೇಲಿಸ್ಟಿಗೆ ಸೇರಿದರೆ ಹುಡುಕಿದವರಿಗೂ ಸಿಗಬಹುದು. ನೀವು ಮಾಡದಿದ್ದರೂ ಲಿಂಕ್ ಇರುವ ಯಾರಾದರೂ ತಮ್ಮ ಪ್ಲೇಲಿಸ್ಟಿಗೆ ಸೇರಿಸಬಹುದು, ಅದು ನಿಮಗೆ ಗೊತ್ತೂ ಆಗಲ್ಲ.

ಸರಿ ಅಂತ ಪ್ರೈವೇಟ್ ಮಾಡಿದೆ. ಈಗ 42 ಜೀಮೇಲ್ ಬೇಕು. ಅರ್ಧ ಮಕ್ಕಳು ಕೊಟ್ಟದ್ದು ಅಪ್ಪನ ಜೀಮೇಲ್, ನೋಡೋದು ಅಮ್ಮನ ಮೊಬೈಲಲ್ಲಿ. ಯಾವ ಜೀಮೇಲ್ ಕೊಟ್ಟಿದ್ದೀರೋ ಅದರಲ್ಲೇ ಲಾಗಿನ್ ಆಗಿ ನೋಡಬೇಕು, ಇಲ್ಲ ಅಂದ್ರೆ 'ಪ್ರೈವೇಟ್ ವಿಡಿಯೋ' ಅಂತ ಕಪ್ಪು ಪರದೆ. ಮೊಬೈಲಲ್ಲಿ ಜಾಗ ಸಿಗದೆ ಕಂಪ್ಯೂಟರಲ್ಲಿ ಸ್ಟುಡಿಯೋ ತೆರೆದು `Share privately` ಒತ್ತಿ ಒಂದೊಂದು ವಿಡಿಯೋಗೂ ಹಾಕಿದೆ. ರಾತ್ರಿ ಒಂದೂವರೆ ಆಯ್ತು. ಕಾಮೆಂಟೂ ಹೋಯ್ತು, ಪ್ರೈವೇಟ್ ವಿಡಿಯೋಗೆ ಕಾಮೆಂಟ್ ಬರಲ್ಲ, ಮಕ್ಕಳು ಡೌಟ್ ಕೇಳ್ತಿದ್ದದ್ದೇ ಅಲ್ಲಿ. ಒಂದು ವಿಡಿಯೋಗೆ 50 ಜನಕ್ಕಿಂತ ಜಾಸ್ತಿ ಕರೆಯೋಕಾಗಲ್ಲ. ನಿಮ್ಮ 120 ಜನರನ್ನ ಎಲ್ಲಿ ತುಂಬಿಸ್ತೀರಿ?

ವಿಜಯನಗರ ನಾಲ್ಕನೇ ಹಂತ: ಮೇಷ್ಟ್ರು ಸುಮ್ನೆ ಹೆದರಿಸ್ತಿದ್ದಾರೆ. ನನ್ನ ಮಗನ ನಾಮಕರಣ ಐದು ವರ್ಷದಿಂದ ಅನ್‌ಲಿಸ್ಟೆಡ್ ಇದೆ. ಲಿಂಕಿನ ಕೊನೆಯಲ್ಲಿ 11 ಅಕ್ಷರ ಇರತ್ತೆ, ಯಾವನೂ ಊಹಿಸಕ್ಕಾಗಲ್ಲ. ಚಾನೆಲ್ ಪೇಜಲ್ಲೂ ಕಾಣಲ್ಲ. ನೆಂಟರಿಗೆ ಬಿಟ್ಟು ಬೇರೆಯವರಿಗೆ ಕಾಣೋ ಮಾತೇ ಇಲ್ಲ. ಹಾಕಿ, ನೆಮ್ಮದಿಯಾಗಿ ಮಲಗಿ.

ಮಂಡ್ಯ ಟ್ಯೂಷನ್ ಮೇಷ್ಟ್ರು: ಊಹಿಸೋದು ಯಾಕೆ ಸ್ವಾಮಿ, ಫಾರ್ವರ್ಡ್ ಬಟನ್ ಇಲ್ವಾ? ಲಿಂಕ್ ಇದ್ದವರು ಯಾರಿಗೆ ಬೇಕಾದರೂ ಕಳಿಸಬಹುದು, ನೋಡೋಕೆ ಜೀಮೇಲೂ ಬೇಡ. ನಿಮ್ಮ ಮಗನ ನಾಮಕರಣ ನೋಡೋಕೆ ಯಾರಿಗೂ ಆಸೆ ಇಲ್ಲದೆ ಇರೋದು ಬೇರೆ ವಿಷಯ.

ವಿಜಯನಗರ ನಾಲ್ಕನೇ ಹಂತ: ಮಗುವಿನ ವಿಷಯಕ್ಕೆ ಬರಬೇಡಿ. ತ್ರಿಕೋನಮಿತಿ ನೋಡೋಕೆ 900 ಜನ ಬಂದರು ಅಂದ್ರೆ ಖುಷಿ ಪಡಬೇಕಿತ್ತು.

ಕುವೆಂಪುನಗರದ ಗೃಹಿಣಿ: ಇಬ್ಬರೂ ಜಗಳ ನಿಲ್ಲಿಸಿ. ನಮ್ಮತ್ತೆಯ ಅರವತ್ತರ ಶಾಂತಿ ವಿಡಿಯೋ 2016ರಲ್ಲಿ ಅನ್‌ಲಿಸ್ಟೆಡ್ ಹಾಕಿದ್ದೆವು. ಅತ್ತೆ ತೀರಿಕೊಂಡ ಮೇಲೆ ಮೊದಲ ವರ್ಷದ ತಿಥಿ ದಿನ ಎಲ್ಲರೂ ಕೂತು ಲಿಂಕ್ ಒತ್ತಿದರೆ 'ಪ್ರೈವೇಟ್'. ಮಾವ ಎದ್ದು ಒಳಗೆ ಹೋದರು. ನಮ್ಮನೆಯವರು ನಾನೇ ಏನೋ ಒತ್ತಿರಬೇಕು ಅಂದರು. ಆಮೇಲೆ ಗೊತ್ತಾಯಿತು, 2017ಕ್ಕೂ ಮೊದಲು ಹಾಕಿದ್ದ ಅನ್‌ಲಿಸ್ಟೆಡ್ ವಿಡಿಯೋಗಳನ್ನೆಲ್ಲ ಯೂಟ್ಯೂಬಿನವರು 2021ರ ಜುಲೈನಲ್ಲಿ ತಾವೇ ಪ್ರೈವೇಟ್ ಮಾಡಿದ್ದರು, ಬೇಡ ಅಂತ ಮೊದಲೇ ಹೇಳಿದ್ದವರದ್ದು ಬಿಟ್ಟು. ಮೇಲ್ ಬಂದಿರುತ್ತಂತೆ. ಆ ಜೀಮೇಲ್ ತೆರೆದವರು ಯಾರು? ಪಾಸ್‌ವರ್ಡ್ ಹುಡುಕೋಕೆ ಎರಡು ದಿನ ಹಿಡಿಯಿತು. ಐದು ವರ್ಷದ ನೆಮ್ಮದಿ ಬಗ್ಗೆ ನನಗೆ ಹೇಳಬೇಡಿ.

ವಿಜಯನಗರ ನಾಲ್ಕನೇ ಹಂತ: ಅದು ಹಳೇ ಲಿಂಕ್‌ಗಳಿಗೆ ಅಲ್ವಾ ಮೇಡಂ. ನಂದು ಆಮೇಲಿನದು.

ಕೆ.ಆರ್. ಪೇಟೆ ಅಕ್ಕ: ನಾನೂ ಪಬ್ಲಿಕ್ ಇಟ್ಟಿದ್ದೀನಿ ಆದ್ರೂ ಕಾಮೆಂಟ್ ಬರ್ತಿಲ್ಲ. ಮಗಳ ಡ್ಯಾನ್ಸ್ ವಿಡಿಯೋ. 'ಮಕ್ಕಳಿಗಾಗಿ' ಅಂತ ಕೇಳಿತ್ತು, ಹೌದು ಅಂದೆ. ಅಂದ್ರೆ ಅದು ಪ್ರೈವೇಟ್ ಆಗಿದ್ಯಾ?

ಮಂಡ್ಯ ಟ್ಯೂಷನ್ ಮೇಷ್ಟ್ರು: ಇಲ್ಲ ಅಕ್ಕ, ಅದು ಬೇರೆ ಪ್ರಶ್ನೆ. ಮಕ್ಕಳಿಗಾಗಿ ಅಂದರೆ ಕಾಮೆಂಟ್ ಮುಚ್ಚತ್ತೆ, ಆದ್ರೆ ವಿಡಿಯೋ ಊರಿಗೆಲ್ಲ ಕಾಣ್ತಾನೇ ಇರತ್ತೆ.

ಮೈಸೂರು ಕ್ಯಾಮೆರಾ: ಹದಿನಾಲ್ಕು ವರ್ಷದಿಂದ ಮದುವೆ ಮಾಡ್ತಿದ್ದೀನಿ, ಅನ್‌ಲಿಸ್ಟೆಡ್ ಲಿಂಕೇ ಕೊಡೋದು. ಅದರ ತಲೆನೋವು ಲಿಂಕಲ್ಲ, ಹಾಡು. ಧಾರೆ ಹೊತ್ತಿಗೆ ಸಿನಿಮಾ ಹಾಡು ಹಾಕಿಸ್ತಾರೆ, ಅನ್‌ಲಿಸ್ಟೆಡ್ ಆಗಲಿ ಪ್ರೈವೇಟ್ ಆಗಲಿ ಹಾಡಿನ ಹಕ್ಕಿನವರ ಕಣ್ಣಿಗೆ ಬೀಳತ್ತೆ. ಕಳೆದ ವರ್ಷ ಒಂದು ಮದುವೆ ಪೂರ್ತಿ ಬ್ಲಾಕ್ ಆಗಿ, ಆ ಹಾಡು ತೆಗೆದು ಮತ್ತೆ ರೆಂಡರ್ ಮಾಡಿ ಮೂರು ಗಂಟೆ ವಿಡಿಯೋ ಮತ್ತೆ ಅಪ್‌ಲೋಡ್ ಮಾಡಿದೆ. ಹೊಸ ಲಿಂಕ್ ಬಂತು, ಹಳೆಯದನ್ನ ಇನ್ನೂರು ಜನಕ್ಕೆ ಕಳಿಸಿಬಿಟ್ಟಿದ್ದರು.

ಕುವೆಂಪುನಗರದ ಗೃಹಿಣಿ: ಕ್ಯಾಮೆರಾದವರ ಮಾತು ಬಂತು ಅಂತ ಹೇಳ್ತೀನಿ. ನಮ್ಮ ತಂಗಿ ಮದುವೆ ವಿಡಿಯೋನ ಒಬ್ಬ ಸ್ಟುಡಿಯೋದವರು ಕೇಳದೇ ಪಬ್ಲಿಕ್ ಹಾಕಿದ್ದರು, ಅವರ ಚಾನೆಲಿನಲ್ಲಿ, ಪ್ರಚಾರಕ್ಕೆ. ಬೀಗರ ಊಟದಲ್ಲಿ ನನ್ನ ಭಾವ ಕುಣಿದದ್ದು ಅವರ ಆಫೀಸಿಗೆಲ್ಲ ಗೊತ್ತಾಯಿತು. ಪ್ರೈವೇಟ್ ಮಾಡಿ ಅಂದರೆ 'ಮಾಡ್ತೀವಿ' ಅಂತ ಎಂಟು ದಿನ ತಳ್ಳಿದರು.

ಮೈಸೂರು ಕ್ಯಾಮೆರಾ: ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟಬೇಡಿ. ನಾನು ಬರೆಸಿಕೊಂಡೇ ಹಾಕೋದು.

ಕುವೆಂಪುನಗರದ ಗೃಹಿಣಿ: ಕೊನೇ ಪುಟದ ಸಣ್ಣ ಅಕ್ಷರದಲ್ಲಿ, ಅಲ್ವಾ?

ಮಂಡ್ಯ ಟ್ಯೂಷನ್ ಮೇಷ್ಟ್ರು: ಇನ್ನೊಂದು ಮಾತು ಮರೆತಿದ್ದೆ. ಪ್ರೈವೇಟ್ ಮಾಡಿ ಮತ್ತೆ ಅನ್‌ಲಿಸ್ಟೆಡ್ ಮಾಡಿದರೆ ಲಿಂಕ್ ಬದಲಾಗಲ್ಲ. ಲಿಂಕ್ ಲೀಕ್ ಆಯ್ತು ಅಂತ ಒಂದು ವಾರ ಮುಚ್ಚಿಟ್ಟು ಆಮೇಲೆ ತೆರೆದೆ. ಅದೇ ಹಳೇ ಜನ, ಅದೇ ಲಿಂಕಲ್ಲಿ ಮತ್ತೆ ಬಂದರು. ಕೊನೆಗೆ ಎಲ್ಲ 11 ಪಾಠ ಹೊಸದಾಗಿ ಅಪ್‌ಲೋಡ್ ಮಾಡಿದೆ. ಪ್ರೈವೇಟಲ್ಲಿ ಆದರೆ ಯಾರದ್ದು ಬೇಡವೋ ಅವರ ಜೀಮೇಲ್ ಒಂದನ್ನೇ ತೆಗೆದರೆ ಸಾಕು, ಅದೊಂದು ಅನುಕೂಲ. ಪರದೆ ಹಿಡಿದು ರೆಕಾರ್ಡ್ ಮಾಡಿಕೊಳ್ಳೋರನ್ನ ಅದೂ ತಡೆಯಲ್ಲ.

ಶ್ರೀರಂಗಪಟ್ಟಣದ ಹುಡುಗ: ಎಲ್ಲರಿಗೂ ಥ್ಯಾಂಕ್ಸ್. 120 ಜನ ಇರೋದಕ್ಕೆ ಪ್ರೈವೇಟ್ ಆಗಲ್ಲ ಅಂತ ಗೊತ್ತಾಯ್ತು. ಅಜ್ಜಿಗೊಬ್ಬರಿಗೆ ಪ್ರೈವೇಟ್ ಕೊಡೋಣ ಅಂದರೆ ಅವರ ಟಿವಿಯಲ್ಲಿ ಯಾರ ಜೀಮೇಲ್ ಇದೆ ಅಂತ ಯಾರಿಗೂ ಗೊತ್ತಿಲ್ಲ, ಕೇಬಲ್ ಹುಡುಗ ಹಾಕಿಕೊಟ್ಟಿದ್ದು. ಬಹುಶಃ ಅವನದೇ.

ವಿಜಯನಗರ ನಾಲ್ಕನೇ ಹಂತ: ನಾನು ಹೇಳಿದ್ದು ಅದನ್ನೇ. ಅನ್‌ಲಿಸ್ಟೆಡ್ ಹಾಕಿ.

ಮಂಡ್ಯ ಟ್ಯೂಷನ್ ಮೇಷ್ಟ್ರು: ಹಾಕಿ. ಪ್ಲೇಲಿಸ್ಟ್ ಮಾತ್ರ ಮಾಡಬೇಡಿ. ಮತ್ತೆ ನೀವು, ನಾಮಕರಣದವರೇ, ಒಮ್ಮೆ ಅನಲಿಟಿಕ್ಸ್ ತೆಗೆದು ನೋಡಿ.

ವಿಜಯನಗರ ನಾಲ್ಕನೇ ಹಂತ: ನೋಡಿದೆ. 212 ವ್ಯೂ ಇದೆ. ನಮ್ಮ ಕಡೆಯವರು ಅಷ್ಟು ಜನ ಇಲ್ಲ.